ಆಯಿಯ ಮಾತಿಗೆ ಇಸ್ತ್ರಿ ಹಾಕಬೇಡಿ

ನಮಸ್ಕಾರ. ಇವತ್ತು ಸ್ವಲ್ಪ ಜಗಳಕ್ಕೇ ಬಂದಿದ್ದೇನೆ. ಹಳೇ ಫೋಟೋದ ಕೆಳಗೆ "ಮಮತೆಯ ಕಡಲು, ನನ್ನ ಅಜ್ಜಿ" ಅಂತ ಬರೆಯುತ್ತಾರಲ್ಲ, ಅವರ ಜೊತೆ. ಅಜ್ಜಿ ನಾಲ್ಕು ನಿಮಿಷ ವಾಯ್ಸ್ ನೋಟ್‌ನಲ್ಲಿ ಮಾತಾಡಿರುತ್ತಾರೆ. ಅದರಲ್ಲಿ ಕಡಲು ಎಲ್ಲೂ ಇರುವುದಿಲ್ಲ.

ಹುಬ್ಬಳ್ಳಿಯ ಗೆಳತಿಯೊಬ್ಬಳು ಇಂಥದ್ದೇ ಒಂದನ್ನು ಕಳಿಸಿದಳು. ಅವಳ ಆಯಿ ಬ್ಯಾಡಗಿಯವರು. ಫೋಟೋದಲ್ಲಿ ಇಬ್ಬರು ಹೆಂಗಸರು, ಮುಂದೆ ಮೆಣಸಿನಕಾಯಿ ರಾಶಿ. ಯಾವಾಗಿನದು, ಏನು ಅಂತ ಮೊಮ್ಮಗಳು ಕೇಳಿದ್ದಕ್ಕೆ ಬಂದ ಉತ್ತರದ ಒಂದು ತುಂಡು ಇದು:

"ಹಾಂ, ಆ ಫೋಟೋ. ನಿಮ್ಮ ಕಾಕಾ ತಗದದ್ದು ಅದು. ಅಲ್ಲ ಅಲ್ಲ, ಕಾಕಾ ಆವಾಗ ಹುಬ್ಬಳ್ಳ್ಯಾಗ ಇದ್ದ. ಇರ್ಲಿ ಬಿಡು. ತುಂಬು ಬಿಡಸಾಕ ಹೋಗತಿದ್ವಿ, ನಾನೂ ನಮ್ಮಕ್ಕನೂ. ಮಳಿ ಇರಲಿಲ್ಲ ನೋಡು ಆ ವರ್ಷ. ಕೈ ಉರೀತಿದ್ವು ನೋಡವಾ, ಮಲಗೂತನಕ. ಕೂಸಿನ್ನ ಮುಟ್ಟಂಗಿಲ್ಲ ಆ ಕೈಲೆ. ಮೊಣಕೈಲೆ ಎತಗೋತಿದ್ದೆ ನಿಮ್ಮಪ್ಪನ್ನ, ಹಿಂಗ. ಈಗ ನೋಡು, ಅಂವಾ ಫೋನ್ ಸೈತ ಮಾಡಂಗಿಲ್ಲ."

ತುಂಬು ಅಂದರೆ ಮೆಣಸಿನಕಾಯಿಯ ತೊಟ್ಟು. ಗೆಳತಿ ಆಯಿಯ ಈ ಮಾತನ್ನು ಹೀಗೆ ಬರೆದಿದ್ದಳು: "ಬರಗಾಲದ ದಿನಗಳಲ್ಲಿ ಮೆಣಸಿನಕಾಯಿ ಕೆಲಸಕ್ಕೆ ಹೋಗುತ್ತಿದ್ದ ನನ್ನ ಆಯಿ, ಉರಿಯುವ ಕೈಗಳ ನಡುವೆಯೂ ಮಗನನ್ನು ಪ್ರೀತಿಯಿಂದ ಸಾಕಿದರು." ವ್ಯಾಕರಣ ಸರಿ ಇದೆ. ಆದರೆ ಮೊಣಕೈ ಎಲ್ಲಿ ಹೋಯಿತು? ಮತ್ತೆ, ಬರಗಾಲ ಅಂತ ಆಯಿ ಅಂದೇ ಇಲ್ಲ. ಮಳೆ ಇರಲಿಲ್ಲ ಅಂದರು, ಅಷ್ಟೇ.

ನಾನು ಮಾಡುವುದು ಹೀಗೆ. ಮೊದಲ ಸಲ ಸುಮ್ನೆ ಕೇಳುತ್ತೇನೆ, ಏನೂ ಬರೆಯುವುದಿಲ್ಲ. ಎರಡು ಪಟ್ಟು ವೇಗದಲ್ಲಂತೂ ಕೇಳುವುದೇ ಇಲ್ಲ, ಯಾಕಂದರೆ ಅವರು ಎಲ್ಲಿ ತಡೆದರು ಅನ್ನುವುದು ಆಗ ತಿಳಿಯುವುದಿಲ್ಲ. ಎರಡನೇ ಸಲ, ದನಿ ಬದಲಾದ ಜಾಗವನ್ನು ಮಾತ್ರ ಇದ್ದದ್ದು ಇದ್ದ ಹಾಗೆ ಬರೆದುಕೊಳ್ಳುತ್ತೇನೆ. ಇಲ್ಲಿ ಆ ಜಾಗ "ಕೂಸಿನ್ನ ಮುಟ್ಟಂಗಿಲ್ಲ" ಅನ್ನುವಲ್ಲಿ ಬಂತು. ಆಮೇಲೆ ಕತ್ತರಿ. ತೆಗೆಯಬಹುದು, ಆದರೆ ಅವರ ಮಾತಿನೊಳಗೆ ನಮ್ಮ ಒಂದು ಪದವನ್ನೂ ಸೇರಿಸುವ ಹಾಗಿಲ್ಲ.

ಎಲ್ಲಕ್ಕಿಂತ ಜಾಸ್ತಿ ಕೆಡುವುದು ವಾಕ್ಯದ ಬಾಲ. ಬರೆಯುವಾಗ ನಾವು ಕ್ರಿಯಾಪದವನ್ನು ಕೊನೆಗೆ ಇಡುತ್ತೇವೆ, ಶಾಲೆಯಲ್ಲಿ ಹಾಗೇ ಕಲಿತಿದ್ದೇವೆ. ಮಾತಾಡುವವರು ಕ್ರಿಯಾಪದ ಹೇಳಿ ಮುಗಿಸಿದ ಮೇಲೂ ಏನೋ ನೆನಪಾಗಿ ಹಿಂದೆ ಸೇರಿಸುತ್ತಾರೆ. "ಎತಗೋತಿದ್ದೆ ನಿಮ್ಮಪ್ಪನ್ನ, ಹಿಂಗ." ಇದನ್ನು ನೆಟ್ಟಗೆ ಮಾಡಿ ನೋಡಿ: "ನಿಮ್ಮಪ್ಪನನ್ನು ಹೀಗೆ ಮೊಣಕೈಯಿಂದ ಎತ್ತಿಕೊಳ್ಳುತ್ತಿದ್ದೆ." ಸುದ್ದಿ ಅದೇ, ಆಯಿ ಮಾತ್ರ ಇಲ್ಲ. ಆ ಕೊನೆಯ "ಹಿಂಗ" ಅನ್ನುವಾಗ ಅವರು ಕೈ ಎತ್ತಿ ತೋರಿಸಿರಬೇಕು, ಎದುರಿಗೆ ಫೋನ್ ಬಿಟ್ಟು ಯಾರೂ ಇರಲಿಲ್ಲ! ನಾನು ಅದನ್ನು ಸುತಾರಾಂ ಬಿಡುವುದಿಲ್ಲ.

ಹಾಗಂತ ಎಲ್ಲವನ್ನೂ ಇಟ್ಟುಕೊಂಡರೆ ಓದುವವರಿಗೆ ತ್ರಾಸು. ಹಾಂ, ಮತ್ತ, ನೋಡು ಇವೆಲ್ಲ ಕಿವಿಗೆ ಹಿತ, ಕಣ್ಣಿಗೆ ಅಡ್ಡ. ಒಂದು "ನೋಡವಾ" ಸಾಕು, ಅದೂ ವಾಕ್ಯಕ್ಕೆ ಬೇಕಿದ್ದರೆ. ನಮ್ಮ ಕಡೆಯ ಉಚ್ಚಾರವನ್ನು ಅಕ್ಷರ ಅಕ್ಷರಕ್ಕೆ ಹಿಡಿಯಲು ಹೋದರೆ ಅದು ನಾಟಕದವರ ಅಣಕದ ಹಾಗೆ ಕಾಣುತ್ತದೆ. "ಕೈಲೆ", "ಮುಟ್ಟಂಗಿಲ್ಲ" ಇಷ್ಟಿದ್ದರೆ ಹಾವೇರಿ ಕಡೆಯ ದನಿ ಬಂತು.

ಇನ್ನು ಊರು, ಕೆಲಸದ ವಿವರ. ಅದನ್ನು ಆಯಿಯ ಬಾಯಲ್ಲಿ ತುರುಕಬೇಡಿ, ಕೆಳಗೆ ನಿಮ್ಮ ದನಿಯಲ್ಲಿ ಬೇರೆ ಸಾಲು ಬರೆಯಿರಿ. ವರ್ಷ ಗೊತ್ತಿಲ್ಲದಿದ್ದರೆ ಬೇಡ, ಮಳೆ ಇಲ್ಲದ್ದಕ್ಕೆ ಇಸವಿ ಹುಡುಕಿ ಅಂಟಿಸುವುದು ಸುಳ್ಳಿಗೆ ದಾರಿ. ಇನ್‌ಸ್ಟಾಗ್ರಾಂ ಕ್ಯಾಪ್ಶನ್‌ಗೆ 2,200 ಅಕ್ಷರ ಕೊಡುತ್ತದೆ, ಆದರೆ ಬೆರಳು ಒತ್ತದೆ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ. ಅದಕ್ಕೇ ಆಯಿ ಮೇಲೆ, ನಾವು ಕೆಳಗೆ:

"ಕೈ ಉರೀತಿದ್ವು ನೋಡವಾ, ಮಲಗೂತನಕ. ಕೂಸಿನ್ನ ಮುಟ್ಟಂಗಿಲ್ಲ ಆ ಕೈಲೆ. ಮೊಣಕೈಲೆ ಎತಗೋತಿದ್ದೆ ನಿಮ್ಮಪ್ಪನ್ನ, ಹಿಂಗ."
ಆಯಿ ಮತ್ತು ಅವರ ಅಕ್ಕ, ಬ್ಯಾಡಗಿ. ಮೆಣಸಿನಕಾಯಿ ತುಂಬು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದ ಕಾಲ. ಫೋಟೋ ತೆಗೆದದ್ದು ಕಾಕಾ ಅಲ್ಲವಂತೆ.

ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ, ಕೈ ಹೇಗೆ ಉರಿಯುತ್ತದೆ ಅಂತ ಯಾರಾದರೂ ಕೇಳಿಯಾರು. ದಿನವಿಡೀ ರಾಶಿ ಮುಂದೆ ಕೂತು ನೋಡಿ, ಆಮೇಲೆ ಮಾತಾಡೋಣ.

ಮಗ ಫೋನ್ ಮಾಡುವುದಿಲ್ಲ ಅನ್ನುವ ಸಾಲು ಹಾಕಲು ಗೆಳತಿಗೆ ಬಹಳ ಆಸೆ ಇತ್ತು. ಅದು ಮೊಮ್ಮಗಳ ಹತ್ತಿರ ಹೇಳಿಕೊಂಡದ್ದು, ಊರಿಗೆ ಹೇಳಿದ್ದಲ್ಲ. ಬೇಡ ಅಂದೆ. ಉಳಿದದ್ದನ್ನು ಹಾಕುವ ಮೊದಲು ಆಯಿಗೆ ಫೋನಿನಲ್ಲಿ ಓದಿ ಹೇಳು ಅಂದೆ. "ನಾ ಹಂಗ ಅಂದಿಲ್ಲ" ಅಂದರೆ ನಾವು ಎಲ್ಲೋ ಕೈ ಹಾಕಿದ್ದೇವೆ ಅಂತ ಅರ್ಥ. ಅವರು ಹಾಗನ್ನಲಿಲ್ಲ. "ಕಾಕಾಂದು ಯಾಕ ಬರದಿ? ಅಂವಗ ಬ್ಯಾಸರಾಕೈತಿ, ತಗಿ ಅದನ್ನ" ಅಂದರಂತೆ. ತೆಗೆದೆವು.