ರೀ ಕೊಟ್ರ ರೀ ತಿರುಗಿ ಬರಬೇಕು

ನಮಸ್ಕಾರ್ರಿ ಎಲ್ಲಾರಿಗೂ. ಹೋದ ವಿಡಿಯೋದಾಗ ನಾ ಮಾತಾಡಾಕತ್ತಾಗ ಹಿಂದಿಂದ ನನ್ನ ಮಗಳು "ಅಪ್ಪಾ, ನೀ ಮೊದಲ ಫ್ಯಾನ್ ಬಂದ್ ಮಾಡು, ಆವಾಜ್ ಬರಾಕತ್ತೈತಿ" ಅಂದದ್ದು ಹಂಗ ರೆಕಾರ್ಡ್ ಆಗಿತ್ತು. ಅದಕ್ಕ ಒಬ್ಬರು ಕಮೆಂಟ್ ಹಾಕ್ಯಾರ: "ಅಪ್ಪಗ ನೀ ಅನ್ನೂ ಮಗಳಿಗೆ ಮೊದಲ ಸಂಸ್ಕಾರ ಕಲಿಸು, ಆಮ್ಯಾಲೆ ಊರಿಗೆ ಬುದ್ಧಿ ಹೇಳು." ನೋಡ್ರಿ ಹೆಂಗೈತಿ! ಸಂಸ್ಕಾರ ಕಲಿಸಾಕ ಬಂದಾಂವ ಗುರುತಿಲ್ಲದ ನನಗ "ಕಲಿಸು" ಅಂತಾನ, "ಹೇಳು" ಅಂತಾನ. ಅವನ ರೀ ಎಲ್ಲಿ ಹೋತು? ಮನ್ಯಾಗ ಖರ್ಚಾಗಿರಬೇಕು.

ನನ್ನ ಮಾತು ಒಂದ ಐತಿ. ಮರ್ಯಾದಿ ನೀ ಒಳಗೂ ಇಲ್ಲ, ರೀ ಒಳಗೂ ಇಲ್ಲ. ನೀವು ರೀ ಅಂದಾಗ ಆ ಕಡೀಂದ ಏನ್ ತಿರುಗಿ ಬರ್ತೈತಿ, ಅದರಾಗ ಐತಿ. ರೀ ಕೊಟ್ಟು ರೀ ಬಂತು, ಮರ್ಯಾದಿ. ನೀ ಕೊಟ್ಟು ನೀ ಬಂತು, ಸಲಿಗಿ. ರೀ ಕೊಟ್ಟು ನೀ ಬಂತು? ಅಲ್ಲಿ ಯಾರೋ ಮ್ಯಾಲೆ ಕುಂತಾರ, ಯಾರೋ ಕೆಳಗ ಕುಂತಾರ. ಅದಕ್ಕ ಸಂಸ್ಕಾರ ಅಂತ ಹೆಸರ ಇಡಬ್ಯಾಡ್ರಿ.

ಇದು ನಾ ಹುಟ್ಟಿಸಿದ್ದಲ್ಲ. 1960ರಾಗ ರೋಜರ್ ಬ್ರೌನ್, ಆಲ್ಬರ್ಟ್ ಗಿಲ್ಮನ್ ಅಂತ ಇಬ್ಬರು ಪಂಡಿತರು ಯುರೋಪಿನ ಭಾಷಾದಾಗಿನ ನೀ-ನೀವು ಹಿಡಕೊಂಡು ಇದನ್ನ ಬರದಾರ. ಅಧಿಕಾರ ಇದ್ದಲ್ಲಿ ಒಂದ ಕಡಿ ನೀ, ಇನ್ನೊಂದ ಕಡಿ ನೀವು. ಆಪ್ತತಾ ಬೆಳದಂಗ ಎರಡೂ ಕಡಿ ಒಂದ ಆಗ್ತಾವ, ಇಷ್ಟ ಅವರ ತಿರುಳು. ಪಾಪ, ಅವರು ನಮ್ಮ ಕಡಿ ಒಂದ ಕೂಡು ಕುಟುಂಬದಾಗ ರೊಟ್ಟಿ ತಿಂದಿದ್ರ ಆ ಲೇಖನ ಇನ್ನೂ ಉದ್ದ ಆಗತಿತ್ತು.

ನಮ್ಮ ಕಾಕಾನ ಮನಿ ಗೋಕಾಕ ಕಡೆ. (ಹೌದ್ರಿ, ಕರದಂಟು ತಂದೀನಿ, ಕ್ಯಾಮೆರಾದ ಹಿಂದ ಐತಿ, ನಿಮಗಿಲ್ಲ.) ಅಲ್ಲಿ ಹೊಲಕ್ಕ ಹೊಸಾ ಬೋರ್ ಹಾಕ್ಸೂ ಮಾತು ನಡದಿತ್ತು. ಕಾಕಾ ಮಗಗ ಅಂದ್ರು, "ಲೇ, ಸಾಲ ಮಾಡಿ ಬೋರ್ ಹಾಕ್ಸಬ್ಯಾಡ." ಮಗ ಅಂದ, "ಹಂಗಲ್ರಿ ಅಪ್ಪಾರ, ನೀವು ಹೇಳೂದು ಖರೇ, ಆದ್ರ ಕಬ್ಬ ಒಣಗಾಕತ್ತಾವ್ರಿ." ಕಾಕು ಅಡಗಿ ಮನಿಂದ ಗಂಡಗ, "ಅಲ್ರಿ, ಅಂವ ಏನ ಹೇಳ್ತಾನ ಪೂರಾ ಕೇಳ್ರಿ." ತನ್ನ ಪರವಾಗಿ ಮಾತಾಡಿದ ಅವ್ವಗ ಮಗ ಏನ್ ಅಂದ ಹೇಳ್ರಿ? "ಯವ್ವಾ, ನೀ ನಡುವ ಬರಬ್ಯಾಡ."

ಅದ ಬಾಯಿ, ಅದ ಉಸುರು. ಅಪ್ಪಗ ರೀ, ಅವ್ವಗ ನೀ. ಈಗ ನೀವು "ಅವ್ವಗ ನೀ ಅನ್ನೂದು ಪ್ರೀತಿ ರೀ" ಅಂತ ಬರ್ತೀರಿ, ನನಗ ಗೊತ್ತೈತಿ. ಹಂಗಾರ ಅಪ್ಪನ ಮ್ಯಾಲೆ ಪ್ರೀತಿ ಇಲ್ಲೇನು? ನಮ್ಮ ಬೆಳಗಾವಿ ಮರಾಠಿ ಮಂದಿ ಮನ್ಯಾಗೂ ಇದ ಕಥಿ ಇತ್ತು, ಆಯಿಗೆ "ಅಗ", ಬಾಬಾಗ "ಅಹೋ". ಈಗಿನ ಹುಡುಗ್ರು ಬಾಬಾಗೂ "ಅರೆ ಬಾಬಾ" ಅಂತಾರ. ಅವರ ಬಾಬಾಗೋಳ ಮರ್ಯಾದಿಗೇನೂ ಆಗಿಲ್ಲ, ಮೊನ್ನೆ ಖಡೇಬಜಾರದಾಗ ನೋಡೀನಿ, ಆರಾಮ ಅದಾರ.

ಇನ್ನ ಆ ಮನಿ ಸೊಸಿ. ಗಂಡನ ಜೋಡಿ ಇಬ್ಬರ ಇದ್ದಾಗ, ಫೋನಿನ್ಯಾಗ, ಗಾಡಿ ಮ್ಯಾಲೆ, "ನೀ ಬರೂವಾಗ ಹಾಲು ತಗೊಂಡ ಬಾ" ಅಂತಾಳ. ಅತ್ತಿ ಮಾವ ಪಡಸಾಲ್ಯಾಗ ಕುಂತ್ರ ಏನ್ ಮಾಡ್ಬೇಕು? "ಚಾ ಕುಡಿ" ಅಂದ್ರ ಅತ್ತಿ ಹುಬ್ಬ ಏರ್ತಾವ. "ಚಾ ಕುಡೀರಿ" ಅಂದ್ರ ಗಂಡ ನಗ್ತಾನ. ಆಕಿ ಅಂತಾಳ, "ಚಾ ಆಗೇತಿ." ಮುಗೀತು! ನೀನೂ ಇಲ್ಲ, ರೀನೂ ಇಲ್ಲ. ಕ್ರಿಯಾಪದದ ಬಾಲಕ್ಕ ಮನಿಷಾನ ಹಚ್ಚಲಾರದ ಚಾ ಹಚ್ಚಿಬಿಟ್ಲು. "ಊರಿಗೆ ಯಾವಾಗ ಹೋಗೂದು?" "ಈಗ ಹೆಂಗ ಮಾಡೂದು?" ಇಂಥಾ ಮಾತು ಒಂದರ ಹಿಂದ ಒಂದ ಬರಾಕತ್ತಾವ ಅಂದ್ರ ತಿಳ್ಕೋರಿ, ಆ ಹೆಣಮಗಳು ಯಾರ ಮುಂದೋ ಲೆಕ್ಕಾ ಹಾಕಿ ಮಾತಾಡಾಕತ್ತಾಳ. ಆ ಲೆಕ್ಕಾ ಗಂಡನ ಸಲುವಾಗಿ ಅಲ್ಲ, ಕೇಳಾಕ ಕುಂತ ಅತ್ತಿ ಸಲುವಾಗಿ. ಗಂಡ ಆಕಿಗೆ ಮಂದಿ ಮುಂದೂ ನೀ, ಹಿಂದೂ ನೀ. ಅವಂಗ ಲೆಕ್ಕಾ ಹಾಕೂ ಜರೂರ ಇಲ್ಲ. ಅದಕ್ಕ ನೋಡ್ರಿ ಅಧಿಕಾರ ಅಂತಾರ.

ಈಗ ಬಂದ ಮೊಮ್ಮಗ. ಶಾಲಿ ಹುಡುಗ. ಅದ ಪಂಚಾಯತಿ ನಡುವ ಅಂದ, "ಮುತ್ಯಾ, ನಿನಗ ಮೊಬೈಲ್‌ನ್ಯಾಗ ಪೆನ್ಷನ್ ಬಂದದ್ದ ನೋಡಾಕ ಬರೂದಿಲ್ಲ, ಬೋರಿಂದ ಏನ್ ಹೇಳ್ತಿ?" ಮನಿ ಮಂದಿ ಎಲ್ಲಾ ನಕ್ಕರು. ಕಾಕಾ ಎಲ್ಲಾರಕಿಂತ ಜಾಸ್ತಿ ನಕ್ಕರು! ಇದ ಮಾತ ಮಗ ಅಂದಿದ್ರ ಆವತ್ತ ರಾತ್ರಿ ಯಾರೂ ಉಣತಿದ್ದಿಲ್ಲ. ಯಾಕ? ಮಗನ ಬಾಯಾಗಿನ ನೀ ಒಳಗ ಹೊಲ ಐತಿ, ಪಾಲ ಐತಿ, ಇನ್ನ ಮ್ಯಾಲೆ ಮನಿ ನಡಸಾಂವ ಯಾರು ಅನ್ನೂ ಪ್ರಶ್ನಿ ಐತಿ. ಮೊಮ್ಮಗನ ನೀ ಒಳಗ ಅದ್ಯಾವುದೂ ಇಲ್ಲ, ಬರೇ ತೊಡಿ ಮ್ಯಾಲೆ ಕುಂತ ಸಲಿಗಿ.

ಅಷ್ಟ ಅಲ್ಲ, ಅದ ಕಾಕಾ ಮರುದಿನ ಮುಂಜಾನೆ ಮೊಮ್ಮಗಗ, "ಏನ್ರಿ ಸಾಹೇಬ್ರ, ಒಂದೀಟ ಆ ಒಟಿಪಿ ನೋಡಿ ಹೇಳ್ರಿ." ಚೇಷ್ಟಾ ಖರೇ, ಆದ್ರ ಆ ಚೇಷ್ಟಾ ಮಗನ ಜೋಡಿ ಎಂದಾರ ಮಾಡ್ಯಾರೇನು? ಇಲ್ಲ! ಜನ್ಮದಾಗ ಮಾಡಿಲ್ಲ! ಯಾರ ಕೈಯಾಗ ಕೀಲಿ ಐತಿ, ರೀ ಅತ್ತಾಗ ಹೋಗ್ತೈತಿ. ನಾನೂ ನಿಮಗ "ಸಬ್‌ಸ್ಕ್ರೈಬ್ ಮಾಡ್ರಿ, ಗಂಟಿ ಒತ್ರಿ" ಅಂತ ರೀ ಹಚ್ಚಿ ಹೇಳೂದ ಯಾಕ? ನನಗ ನಿಮ್ಮಿಂದ ಕೆಲಸಾ ಆಗಬೇಕಾಗೇತಿ. ಒತ್ರಿ ಮತ್ತ, ಮರೀಬ್ಯಾಡ್ರಿ.

ಇನ್ನೊಬ್ಬರು ಬಸವಣ್ಣನ್ನ ತಂದಾರ: "ಅಯ್ಯಾ ಎಂದರೆ ಸ್ವರ್ಗ, ಎಲವೋ ಎಂದರೆ ನರಕ." ಭಾಳ ಛಲೋ. ಆದ್ರ ಬಸವಣ್ಣ ಕೂಡಲಸಂಗಮದೇವಗ ಏನ್ ಅಂತಾನ? "ನೀನೊಲಿದರೆ ಕೊರಡು ಕೊನರುವುದಯ್ಯಾ." ನೀನೂ ಐತಿ, ಅಯ್ಯಾನೂ ಐತಿ, ಒಂದ ಸಾಲಿನ್ಯಾಗ! ದೇವರಿಗೆ ನೀನು ನಡೀತೈತಿ, ನಿಮಗ ನಡ್ಯೂದಿಲ್ಲ? ನೀವೇನು ಸಂಗಮನಾಥಗಿಂತ ದೊಡ್ಡವರೇನು?

ಮತ್ತ ನನ್ನ ಮಗಳು ನನಗ ರೀ ಅನ್ನೂದ ಇಲ್ಲಂತ ತಿಳ್ಕೋಬ್ಯಾಡ್ರಿ. ಅಂತಾಳ. ಗೆಳತ್ಯಾರ ಜೋಡಿ ಗೋವಾ ಟ್ರಿಪ್ಪಿಗೆ ಬ್ಯಾಡ ಅಂದಾಗ, "ಆತ್ರಿ, ನೀವು ಹೇಳಿದಂಗ ಆಗ್ಲಿ" ಅಂದು ಬಾಗಲಾ ಹಾಕ್ಕೊಂಡ್ಲು. ಕೇಳಿದ್ರೇನು ಸಂಸ್ಕಾರಾ? ಅವತ್ತ ನಮ್ಮ ಮನ್ಯಾಗ ಪೂರಾ ಬಹುವಚನ ಇತ್ತು, ಮಾತ ಮಾತ್ರ ಇರಲಿಲ್ಲ. ಮರುದಿನ "ಅಪ್ಪಾ, ನೀ ಉಂಡಿ?" ಅಂದಾಗ ನನಗ ಊಟ ಸೇರಿದ್ದು.

ರೀ ಬೇಕಂದ್ರ ಮೊದಲ ಕೊಡ್ರಿ! ಹೆಂಡತಿಗೆ ಕೊಡ್ರಿ, ಸೊಸಿಗೆ ಕೊಡ್ರಿ. "ಸೊಸಿಗೆ ರೀ ಅಂದ್ರ ಮಂದಿ ನಗ್ತಾರ" ಅಂತೀರಿ, ಅಳಿಯಾ ನಿಮ್ಮಕಿಂತ ಎಷ್ಟ ಸಣ್ಣಾಂವ ಇದ್ರೂ "ಬರ್ರಿ ಅಳಿಯಾರ, ಕುಂದರ್ರಿ ಅಳಿಯಾರ" ಅಂತ ಎದ್ದ ನಿಂದರ್ತೀರಲ್ಲ, ಆವಾಗ ಯಾರ್ ನಕ್ಕಾರ? ಉತ್ತರ ಹೇಳ್ರಿ. ಹೇಳೂದಿಲ್ಲ, ಗೊತ್ತೈತಿ ನನಗ. ಇಲ್ಲಾ ಅಂದ್ರ ಬಿಡ್ರಿ, ನನ್ನ ಮಗಳು ನೀ ಅಂತಾಳ, ಅಂತಿರ್ತಾಳ, ನಿಮಗೇನ್ ತ್ರಾಸ?

ಮುಂದಿನ ವಿಡಿಯೋ ಮೈದುನಾರ ಮ್ಯಾಲೆ. ತೊಟ್ಟಲದಾಗಿನ ಮೈದುನಗೂ ವೈನಿ ಯಾಕ ರೀ ಅನ್ನಬೇಕು ಅನ್ನೂದು. ನಿಮ್ಮ ಮನ್ಯಾಗ ಯಾರ್ ಯಾರಿಗೆ ಏನ್ ಅಂತಾರ ಕೆಳಗ ಬರೀರಿ. ಬೈಯೂದಿದ್ರ ನೀ ಅಂತ ಬೈರಿ, ನಡೀತೈತಿ, ಆದ್ರ ನಾನೂ ನೀ ಅಂತನ ಬೈತೀನಿ. ಬರ್ತೀನ್ರಿ, ಕರದಂಟಿಗೆ ಇರಿವಿ ಹತ್ಯಾವ.