ಹಂಚಿದರೂ ನಾಲ್ಕು, ಕಟ್ಟಿದರೂ ನಾಲ್ಕು

ಕೇಳುಗರಿಗೆ ನಮಸ್ಕಾರ. ಮುಂಬೈಯ ಕನ್ನಡ ಶಾಲೆಯೊಂದರಲ್ಲಿ ನಾನು ಮೂರನೇ ತರಗತಿಗೆ ಗಣಿತ ಕಲಿಸುತ್ತೇನೆ. ಭಾಗಾಕಾರ ಶುರುವಾದಾಗ ಮೊದಮೊದಲು ಕರಿಹಲಗೆಯ ಮೇಲೆ ಅದರ ಚಿಹ್ನೆ ಬರೆಯುವುದೇ ಇಲ್ಲ. ಹುಣಸೆ ಬೀಜ, ಬಳೆ, ಪೇಡೆ ಇದ್ದರೆ ಸಾಕು. ಆ ಒಂದೇ ಚಿಹ್ನೆಯ ಹಿಂದೆ ಎರಡು ಬೇರೆ ಬೇರೆ ಕೆಲಸಗಳಿವೆ. ಎರಡನ್ನೂ ಮಗು ಮೊದಲು ಕೈಯಾರೆ ಮಾಡಬೇಕು.

ಒಂದು, ಸಮನಾಗಿ ಹಂಚುವುದು. 12 ಹುಣಸೆ ಬೀಜ, 3 ತಟ್ಟೆ. ಕೆಲವರು ಹಿಡಿ ಹಿಡಿಯಾಗಿ ಸುರಿದು, ಆಮೇಲೆ ಇಲ್ಲಿಂದ ತೆಗೆದು ಅಲ್ಲಿಗೆ ಹಾಕುತ್ತಾರೆ. ಹಾಕಲಿ, ಸಮ ಎಂದರೇನು ಎಂದು ಅವರಿಗೆ ತಿಳಿಯುವುದೇ ಹಾಗೆ. ನಂತರ ಪ್ರತಿ ಸುತ್ತಿಗೆ ತಟ್ಟೆಗೊಂದೇ ಬೀಜ ಹಾಕಲು ಹೇಳಿ. ನಾಲ್ಕು ಸುತ್ತಿಗೆ ಬೀಜ ಮುಗಿಯುತ್ತದೆ, ತಟ್ಟೆಗೆ 4 ಬಂದಿರುತ್ತದೆ.

ಇನ್ನೊಂದು, ಗುಂಪು ಮಾಡುವುದು. ಇದಕ್ಕೆ ಬಳೆಯಷ್ಟು ಒಳ್ಳೆಯ ವಸ್ತು ಬೇರೆ ಇಲ್ಲ. ದಾದರ್ ಮಾರುಕಟ್ಟೆಯಿಂದ ಒಂದು ಡಜನ್ ತನ್ನಿ. ಗಾಜಿನವು ತರಗತಿಯಲ್ಲಿ ಒಡೆಯುತ್ತವೆ, ಪ್ಲಾಸ್ಟಿಕ್ಕಿನವೇ ಇರಲಿ. ಮೂರು ಮೂರು ಬಳೆ ಸೇರಿಸಿ ದಾರ ಕಟ್ಟಿದರೆ 4 ಕಟ್ಟು ಆಗುತ್ತವೆ. ತಟ್ಟೆ ಎಷ್ಟು ಎಂದು ಬೀಜ ಹಂಚುವಾಗ ಗೊತ್ತಿತ್ತು. ಇಲ್ಲಿ ಒಂದು ಕಟ್ಟಿಗೆ ಎಷ್ಟು ಬಳೆ ಎಂದು ಗೊತ್ತು, ಕಟ್ಟು ಎಷ್ಟಾಗುತ್ತವೆ ಎಂದು ಗೊತ್ತಿಲ್ಲ.

ಮಗುವಿಗೆ ಅರ್ಥವಾಯಿತೋ ಇಲ್ಲವೋ ನೋಡಲು ನಾನು ಕೇಳುವುದು ಒಂದೇ ಪ್ರಶ್ನೆ: "ಪುಟ್ಟಾ, ಈ ನಾಲ್ಕು ಏನು?" ಬೀಜದ ಲೆಕ್ಕದಲ್ಲಿ ನಾಲ್ಕು ಬೀಜ, ಬಳೆಯ ಲೆಕ್ಕದಲ್ಲಿ ನಾಲ್ಕು ಕಟ್ಟು. ಬಳೆಯ ಮುಂದೆ ಕೂತು "ನಾಲ್ಕು ಬಳೆ, ಟೀಚರ್" ಎಂದರೆ ಉತ್ತರದ ಅಂಕಿ ಸರಿ, ವಿಷಯ ಇನ್ನೂ ಒಳಗಿಳಿದಿಲ್ಲ. ಆ ಮಗು ಒಂದು ಕಟ್ಟು ಬಿಚ್ಚಿ ಒಳಗಿನ ಬಳೆ ಎಣಿಸಲಿ.

ಎರಡರಲ್ಲೂ ನಾಲ್ಕೇ ಏಕೆ ಬಂತು? ಚುರುಕು ಮಕ್ಕಳು ಕೇಳಿಯೇ ಕೇಳುತ್ತಾರೆ. ಬೀಜವನ್ನು ಮತ್ತೆ ಹಂಚಿಸಿ, ನಿಧಾನವಾಗಿ. ಒಂದು ಸುತ್ತು ಮುಗಿದಾಗ ರಾಶಿಯಿಂದ ಎಷ್ಟು ಹೋಯಿತು? ಮೂರು. ಮುಂದಿನ ಸುತ್ತಿಗೂ ಮೂರು. ಅಂದರೆ ಹಂಚುವಾಗಲೂ ನಾವು ಮೂರು ಮೂರರ ಗುಂಪನ್ನೇ ತೆಗೆಯುತ್ತಿದ್ದೆವು. ಇದು ಕಣ್ಣಿಗೆ ಕಂಡ ಮೇಲೆ ಎರಡು ಕೆಲಸಕ್ಕೂ ಒಂದೇ ಚಿಹ್ನೆ ಬಂದರೆ ಮಕ್ಕಳಿಗೆ ಗೊಂದಲವಾಗುವುದಿಲ್ಲ.

ಪೇಡೆ ಕೊನೆಗೆ. 4 ಮಕ್ಕಳಿಗೆ 13 ಪೇಡೆ ಕೊಟ್ಟರೆ ತಲೆಗೆ ಮೂರು, ಒಂದು ಮಿಕ್ಕುತ್ತದೆ. ಅದನ್ನು ತಕ್ಷಣ ಮುರಿಯಲು ಹೊರಡುತ್ತಾರೆ. ಭಿನ್ನರಾಶಿಗೆ ಅದು ಒಳ್ಳೆಯ ದಾರಿಯೇ, ಆದರೆ ಈ ಪಾಠದಲ್ಲಿ ಮಿಕ್ಕಿದ್ದನ್ನು ಬೇರೆ ತಟ್ಟೆಯಲ್ಲಿಡಿ. ಅದೇ ಶೇಷ.

ಇಷ್ಟಾದ ಮೇಲೆ 12 ÷ 3 = 4 ಎಂದು ಬರೆಯಿರಿ. ಬರೆದು, ಇದಕ್ಕೆ ಎರಡು ಕತೆ ಹೇಳಿ ಎನ್ನಿ: ಒಂದರಲ್ಲಿ 3 ತಟ್ಟೆ ಇರಬೇಕು, ಇನ್ನೊಂದರಲ್ಲಿ ಕಟ್ಟಿಗೆ 3 ಬಳೆ. ಒಂದೇ ಕತೆ ಬರುವ ಮಗುವಿಗೆ ಮರುದಿನ ಇನ್ನೊಂದರ ಸಾಮಾನು ಕೊಡಿ.