ಹೋದ ವಾರದ ಮಾತು ಯಾವುದು, ಈ ವಾರದ ಹೊಸ ಮಾತು ಯಾವುದು?

[ಸ್ಕ್ರೀನ್ ಮೇಲೆ: ಗೋದಾಮಿನ ಮೂಲೆಯಲ್ಲಿ ಒಟ್ಟಿದ ಖಾಲಿ ಗೋಣಿ ಚೀಲಗಳು]

ನಮಸ್ಕಾರ ರೀ ಎಲ್ಲರಿಗೂ. ಈ ಚೀಲಗಳನ್ನು ನೋಡಿದಿರಲ್ವಾ, ಒಟ್ಟು 400 ಇವೆ. ನಮಗೆ ಬೇಕಾಗಿದ್ದು 200. ತಪ್ಪು ನನ್ನದೇ.

ನಾನು ಇರೋದು ಬ್ಯಾಡಗಿಯಲ್ಲಿ. ಇಲ್ಲಿ ಒಂದು ಸಣ್ಣ ರೈತರ ಕಂಪನಿಯಲ್ಲಿ ಲೆಕ್ಕಪತ್ರ, ಮೀಟಿಂಗ್ ವರದಿ ಎಲ್ಲ ನೋಡಿಕೊಳ್ಳುತ್ತೇನೆ. ಸೋಮವಾರ, ಗುರುವಾರ ಮೆಣಸಿನಕಾಯಿ ಪೇಟೆ ಇರುತ್ತದೆ, ಆವತ್ತು ಯಾರೂ ಕೈಗೆ ಸಿಗುವುದಿಲ್ಲ. ಅದಕ್ಕೇ ನಮ್ಮ ಮೀಟಿಂಗ್ ಬುಧವಾರ ಸಂಜೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಅದನ್ನು ಅಕ್ಷರಕ್ಕೆ ಇಳಿಸಿಕೊಳ್ಳುತ್ತೇವೆ, ಅದೇ ಟ್ರಾನ್ಸ್‌ಕ್ರಿಪ್ಟ್. ಒಂದು ವಾರ "200 ಚೀಲ ತರಿಸುವುದು" ಅಂತ ವರದಿಯಲ್ಲಿ ಬರೆದೆ. ಮುಂದಿನ ವಾರ ಯಾರೋ ಅದೇ ಮಾತು ಮತ್ತೆ ಎತ್ತಿದರು, ನಾನೂ ಮತ್ತೆ ಬರೆದೆ. ಗೋದಾಮಿನ ಅಣ್ಣ ಎರಡೂ ವರದಿ ನೋಡಿ ಎರಡು ಸಲ ಆರ್ಡರ್ ಕೊಟ್ಟುಬಿಟ್ಟರು. ಅವರದೇನೂ ತಪ್ಪಿಲ್ಲ ಬಿಡಿ, ಬರೆದದ್ದನ್ನೇ ಮಾಡಿದ್ದಾರೆ.

ಆಮೇಲೆ ನಾವೊಂದು ನಿಯಮ ಮಾಡಿಕೊಂಡೆವು. ವರದಿಯಲ್ಲಿ ಹೋದ ವಾರಕ್ಕಿಂತ ಬದಲಾದದ್ದು, ಹೊಸದಾಗಿ ತೀರ್ಮಾನ ಆದದ್ದು ಮಾತ್ರ ಇರಬೇಕು. ಕೇಳೋಕೆ ಸುಲಭ, ಮಾಡೋಕೆ ಕೂತಾಗ ಗೊತ್ತಾಗುತ್ತದೆ.

[ಸ್ಕ್ರೀನ್ ಮೇಲೆ: ಎರಡು ಟ್ರಾನ್ಸ್‌ಕ್ರಿಪ್ಟ್ ಅಕ್ಕಪಕ್ಕ, ಎಲ್ಲ ಸಾಲೂ ಕೆಂಪು]

ಮೊದಲು ನಾನು ಮಾಡಿದ್ದು ಸೋಮಾರಿ ಕೆಲಸ. ಎರಡೂ ಫೈಲನ್ನು `diff` ಕಮಾಂಡಿಗೆ ಕೊಟ್ಟೆ. ಅದು ಎರಡು ಫೈಲುಗಳನ್ನು ಸಾಲು ಸಾಲಾಗಿ ಹೋಲಿಸಿ ವ್ಯತ್ಯಾಸ ತೋರಿಸುತ್ತದೆ. ತೋರಿಸಿತು, ಎಲ್ಲವೂ ವ್ಯತ್ಯಾಸವೇ ಅಂತ! ಯಾಕಂದರೆ ಮನುಷ್ಯರು ಒಂದೇ ವಿಷಯವನ್ನು ಎರಡು ವಾರ ಒಂದೇ ಥರ ಹೇಳುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ಮಾತು ಅದೇ ಇರುತ್ತದೆ, ಆದರೆ ಒಳಗಿನ ವಿಷಯ ಬೇರೆ ಆಗಿರುತ್ತದೆ. ಎರಡಕ್ಕೂ ಒಂದೊಂದು ಉದಾಹರಣೆ ತೋರಿಸುತ್ತೇನೆ, ಫೆಬ್ರವರಿ 4 ಮತ್ತು ಫೆಬ್ರವರಿ 11ರ ಮೀಟಿಂಗ್ ಇಟ್ಟುಕೊಳ್ಳೋಣ, ಎರಡೂ ಬುಧವಾರ.

4ನೇ ತಾರೀಖು ಒಬ್ಬರು ಹೇಳಿದರು, "ತಾಡಪತ್ರಿ ಮುಂದಿನ ವಾರ ಶುಕ್ರವಾರ ಬರ್ತಾವ್ರಿ." 11ನೇ ತಾರೀಖು ಅವರೇ, "ತಾಡಪತ್ರಿ ನಾಡಿದ್ದು ಬರ್ತಾವ್ರಿ." ಮಾತು ಬೇರೆ, ತಾರೀಖು ಒಂದೇ, ಫೆಬ್ರವರಿ 13. ತಾರೀಖಿನಲ್ಲಿ ಏನೂ ಬದಲಾಗಿಲ್ಲ.

ಈಗ ತೂಕದ ಕಾಟಾ ರಿಪೇರಿ ವಿಷಯ ನೋಡಿ. 4ನೇ ತಾರೀಖು, "ಮೆಕ್ಯಾನಿಕ್ ನಾಳೆ ಬರ್ತಾನ್ರಿ." 11ನೇ ತಾರೀಖು, "ಮೆಕ್ಯಾನಿಕ್ ನಾಳೆ ಬರ್ತಾನ್ರಿ." ಅಕ್ಷರ ಅಕ್ಷರವೂ ಒಂದೇ. ಆದರೆ ಮೊದಲನೇ ನಾಳೆ ಅಂದರೆ 5, ಎರಡನೇ ನಾಳೆ ಅಂದರೆ 12. ಕೆಲಸ ಒಂದು ವಾರ ಹಿಂದೆ ಬಿದ್ದಿದೆ. ಎರಡು ಸಾಲನ್ನು ಸುಮ್ನೆ ಪಕ್ಕಪಕ್ಕ ಇಟ್ಟರೆ ಇದು ಯಾವತ್ತೂ ಕಣ್ಣಿಗೆ ಬೀಳುವುದಿಲ್ಲ.

ಹಾಗಾಗಿ ಮಾತನ್ನು ಮಾತಿನ ಜೊತೆ ಹೋಲಿಸಬೇಡಿ. ಪ್ರತಿ ಟ್ರಾನ್ಸ್‌ಕ್ರಿಪ್ಟನ್ನೂ ಮೊದಲು ಒಂದು ಪಟ್ಟಿಗೆ ಇಳಿಸಿ. ಒಂದು ವಿಷಯಕ್ಕೆ ಒಂದೇ ಸಾಲು, ಅದರಲ್ಲಿ ಐದು ಮನೆ: ಯಾವ ವಿಷಯ, ಏನು ಮಾಡುವುದು, ಎಷ್ಟು, ಯಾರು, ಯಾವ ತಾರೀಖು. ನಾಳೆ, ನಾಡಿದ್ದು, ಮುಂದಿನ ವಾರ ಎಲ್ಲವನ್ನೂ ಮೀಟಿಂಗ್ ನಡೆದ ದಿನದಿಂದ ಎಣಿಸಿ ಕ್ಯಾಲೆಂಡರ್ ತಾರೀಖು ಮಾಡಿ ಬರೆಯಿರಿ. "ಮುಂದಿನ ಶುಕ್ರವಾರ" ಅಂದಾಗ ಒಬ್ಬೊಬ್ಬರ ಲೆಕ್ಕ ಒಂದೊಂದು ಥರ ಇರುತ್ತದೆ, ಅಂಥದ್ದನ್ನು ಹೇಳಿದವರಿಗೇ ಫೋನ್ ಮಾಡಿ ಕೇಳಿಬಿಡಿ.

[ಸ್ಕ್ರೀನ್ ಮೇಲೆ]

```
ಕಾಟಾ ರಿಪೇರಿ | ಮೆಕ್ಯಾನಿಕ್ ಬರುವುದು | - | ಗೋದಾಮು | 02-05
ತಾಡಪತ್ರಿ | ತರಿಸುವುದು | 40 | ಗೋದಾಮು | 02-13
```

ಇದು 4ನೇ ತಾರೀಖಿನ ಪಟ್ಟಿಯ ಎರಡು ಸಾಲು. 11ರ ಪಟ್ಟಿಯನ್ನು ಮಾಡುವಾಗ ಹಳೇದನ್ನು ಮುಂದೆ ಇಟ್ಟುಕೊಳ್ಳಬೇಡಿ. ನಾನು ಇಟ್ಟುಕೊಂಡು ಮಾಡಿದಾಗ, "ಹಾಂ, ಇದು ಹೋದ ವಾರದ್ದೇ" ಅಂದುಕೊಂಡು ಪೂರ್ತಿ ಓದದೆ ಮುಂದೆ ಹೋಗುತ್ತಿದ್ದೆ. ಮೊದಲು ಹೊಸ ಪಟ್ಟಿ ತಾನಾಗೇ ತಯಾರಾಗಲಿ. ಆಮೇಲೆ ಹಳೇದನ್ನು ತೆಗೆದು ಮೊದಲನೇ ಮನೆಯ ಹೆಸರನ್ನು ಮಾತ್ರ ಹೊಂದಿಸಿ, ಯಾಕಂದರೆ ಒಬ್ಬರು ತಾಡಪತ್ರಿ ಅಂದಿರುತ್ತಾರೆ, ಇನ್ನೊಬ್ಬರು ಹೊದಿಕೆ ಅಂದಿರುತ್ತಾರೆ, ಮತ್ತೊಬ್ಬರು "ಆ ನೀಲಿದು" ಅಂದಿರುತ್ತಾರೆ. ಹೋದ ವಾರ ಯಾವ ಹೆಸರು ಬರೆದಿದ್ದೀರೋ ಅದೇ ಈ ವಾರವೂ ಇರಲಿ. ಇಲ್ಲದಿದ್ದರೆ ಹಳೇ ವಿಷಯ ಹೊಸ ಹೆಸರು ಹೊತ್ತು "ಹೊಸದು" ಅಂತ ಬಂದು ಕೂರುತ್ತದೆ. ನಮ್ಮ ಗೋಣಿ ಚೀಲದ ಕಥೆ ಇದೇ, ಒಂದು ವಾರ ಗೋಣಿ, ಇನ್ನೊಂದು ವಾರ ತಟ್ಟು.

ಈಗ ತಾಡಪತ್ರಿ ವಿಷಯಕ್ಕೆ ವಾಪಸ್ ಬರೋಣ. 11ನೇ ತಾರೀಖು ಅದರ ಬಗ್ಗೆ ಎಂಟು ನಿಮಿಷ ಮಾತಾಯಿತು. ಹೋದ ವಾರ ಬರದೇ ಇದ್ದ ಒಬ್ಬ ಡೈರೆಕ್ಟರಿಗೆ ಮೊದಲಿನಿಂದ ಹೇಳಬೇಕಾಯಿತು: ಕಣದಲ್ಲಿ ಕಾಯಿ ಒಣಗಲು ಹಾಕಿರುತ್ತೇವೆ, ರಾತ್ರಿ ಮಂಜು ಬಿದ್ದರೆ ಮುಚ್ಚಬೇಕು, ಅದಕ್ಕೆ 40 ಬೇಕು ಅಂತ. ಇದು ಹೇಳಿದ್ದನ್ನೇ ಹೇಳಿದ್ದು, ವರದಿಗೆ ಬೇಡ. ಎಷ್ಟು ಹೊತ್ತು ಮಾತಾಡಿದರು ಅನ್ನುವುದಕ್ಕೂ ಏನು ಬದಲಾಯಿತು ಅನ್ನುವುದಕ್ಕೂ ಸಂಬಂಧವೇ ಇಲ್ಲ. ಆದರೆ ಆ ಎಂಟು ನಿಮಿಷದ ನಡುವೆ ಎಲ್ಲೋ ಒಂದು ತುಣುಕು ಇತ್ತು: "ಗೋದಾಮಿನವರಿಗೆ ಟೈಮ್ ಇಲ್ರಿ, ನಾನs ತರ್ತೀನಿ" ಅಂತ ಅಕೌಂಟ್ ನೋಡುವ ಅಣ್ಣ ಅಂದರು, ಎಲ್ಲರೂ ಒಪ್ಪಿದರು. ಐದು ಮನೆಗಳಲ್ಲಿ ನಾಲ್ಕು ಅದೇ, "ಯಾರು" ಅನ್ನುವುದೊಂದು ಬದಲು. ಒಟ್ಟಾಗಿ ಓದಿದರೆ "ಹಳೇ ಮಾತು" ಅಂತ ಬಿಟ್ಟುಬಿಡುತ್ತೀರಿ. ಮನೆ ಮನೆ ನೋಡಿದರೆ ಮಾತ್ರ ಸಿಗುತ್ತದೆ.

[ಸ್ಕ್ರೀನ್ ಮೇಲೆ: "ನೋಡೂಣ", "ಮಾಡೂಣ", "ಬರಕೋರಿ"]

ಇನ್ನು ತೀರ್ಮಾನ ಅಂದರೆ ಯಾವುದು? ನಮ್ಮ ಕಡೆ ಇದೊಂದು ದೊಡ್ಡ ತಲೆನೋವು. "ನೋಡೂಣ" ಅಂದರೆ ಎಷ್ಟೋ ಸಲ ಬೇಡ ಅಂತಲೇ ಅರ್ಥ, ಮುಖದ ಮೇಲೆ ಹೇಳುವುದಿಲ್ಲ ಅಷ್ಟೆ. "ಮಾಡೂಣ" ಕೂಡ ಸಾಲದು. "ಹೂಂ" ಅಂತೂ ಕೇಳಿಸಿಕೊಂಡೆ ಅನ್ನೋದಕ್ಕೆ, ಒಪ್ಪಿದೆ ಅನ್ನೋದಕ್ಕಲ್ಲ. ನಾನು ಹುಡುಕುವುದು ಎರಡು ಗುರುತು: ಆ ಮಾತಿಗೆ ಒಂದು ಹೆಸರೋ ತಾರೀಖೋ ಅಂಟಿಕೊಂಡಿರಬೇಕು, ಇಲ್ಲವೇ ಅಧ್ಯಕ್ಷರು "ಹಂಗಾದ್ರ ಬರಕೋರಿ" ಅಂದಿರಬೇಕು. ಎರಡೂ ಇಲ್ಲದಿದ್ದರೆ ಎರಡನೇ ಮನೆಯಲ್ಲಿ "ತೀರ್ಮಾನ ಆಗಿಲ್ಲ" ಅಂತ ಬರೆಯುತ್ತೇನೆ.

ತೊಟ್ಟು ತೆಗೆದ ಕಾಯಿಯ ವಿಷಯ ಹೀಗೇ ಇತ್ತು. ಹುಬ್ಬಳ್ಳಿಯ ಒಬ್ಬ ಮಸಾಲೆ ವ್ಯಾಪಾರಿ 10 ಕ್ವಿಂಟಲ್ ಕೇಳಿದ್ದರು, 4ನೇ ತಾರೀಖು ಬರೀ "ನೋಡೂಣ" ಆಗಿ ನಿಂತಿತ್ತು. 11ನೇ ತಾರೀಖು 14ನೇ ನಿಮಿಷದಲ್ಲಿ "ಆತು, ಹತ್ತೂ ಕೊಡೂಣ, ಬರಕೋರಿ" ಅಂತ ಬಂತು. ನಾನು ಖುಷಿಯಿಂದ ಬರೆದುಕೊಂಡೆ. ಆಮೇಲೆ ತೊಟ್ಟು ತೆಗೆಯಲು ಆಳು ಎಷ್ಟು ಬೇಕು, ಕೂಲಿ ಎಷ್ಟಾಗುತ್ತದೆ ಅಂತ ಲೆಕ್ಕ ಶುರುವಾಗಿ, 41ನೇ ನಿಮಿಷದಲ್ಲಿ ಅಧ್ಯಕ್ಷರೇ "ಐದs ಸಾಕು, 20ನೇ ತಾರೀಖಿನೊಳಗ ನಾನs ಕಳಿಸ್ತೀನಿ" ಅಂದರು. ಅಂದರೆ ಒಂದೇ ಮೀಟಿಂಗಿನ ಒಳಗೆ ತೀರ್ಮಾನ ಒಮ್ಮೆ ಆಯಿತು, ಒಮ್ಮೆ ಮುರಿಯಿತು. ಕೊನೇದೇ ಲೆಕ್ಕಕ್ಕೆ. ಅದಕ್ಕೇ ಟ್ರಾನ್ಸ್‌ಕ್ರಿಪ್ಟನ್ನು ಕೊನೆತನಕ ಓದದೆ ಒಂದು ಸಾಲನ್ನೂ ಪಕ್ಕಾ ಮಾಡಬೇಡಿ. ನಿಮಿಷವನ್ನು ಗುರುತು ಹಾಕಿಕೊಳ್ಳಿ, ಆದರೆ ಬೇರೆ ಹಾಳೆಯಲ್ಲಿ. ಪಟ್ಟಿಯ ಸಾಲಿನಲ್ಲೇ ನಿಮಿಷ ಬರೆದರೆ ಮತ್ತೆ ಎಲ್ಲ ಸಾಲೂ ಬೇರೆ ಬೇರೆ ಅಂತಲೇ ಬರುತ್ತದೆ.

ಈಗ ಎರಡೂ ಪಟ್ಟಿಯನ್ನು ಹೆಸರಿನ ಕ್ರಮದಲ್ಲಿ ಜೋಡಿಸಿ ಹೋಲಿಸಿ. ಸಾಲು ಕಡಿಮೆ ಇದ್ದರೆ ಕಣ್ಣಲ್ಲೇ ಆಗುತ್ತದೆ. ನಾನು ಅದೇ ಕಮಾಂಡನ್ನು ಮತ್ತೆ ತಂದೆ, ಈ ಸಲ ಅದು ಸರಿಯಾಗಿ ದುಡಿಯಿತು.

```
diff -u 0204.txt 0211.txt
```

ಮೈನಸ್ ಇದ್ದದ್ದು ಹಳೇ ಸಾಲು, ಪ್ಲಸ್ ಇದ್ದದ್ದು ಹೊಸ ಸಾಲು. ಅದು ತೋರಿಸಿದ್ದರಲ್ಲಿ ಎರಡು ವಿಷಯ ಮಾತ್ರ ಇಲ್ಲಿ ಹಾಕಿದ್ದೇನೆ, ಓದೋಕೆ ಸುಲಭ ಆಗಲಿ ಅಂತ ಹಳೇದರ ಕೆಳಗೇ ಹೊಸದನ್ನು ಜೋಡಿಸಿ.

```
-ಕಾಟಾ ರಿಪೇರಿ | ಮೆಕ್ಯಾನಿಕ್ ಬರುವುದು | - | ಗೋದಾಮು | 02-05
+ಕಾಟಾ ರಿಪೇರಿ | ಮೆಕ್ಯಾನಿಕ್ ಬರುವುದು | - | ಗೋದಾಮು | 02-12
-ಕೋಲ್ಡ್ ಸ್ಟೋರೇಜ್ | ಡಬ್ಬಿ ಕಾಯಿ ಇಡುವುದು | 20 | ಅಕೌಂಟ್ | 02-16
+ಕೋಲ್ಡ್ ಸ್ಟೋರೇಜ್ | ಡಬ್ಬಿ ಕಾಯಿ ಇಡುವುದು | 70 | ಅಕೌಂಟ್ | 02-16
```

ಡಬ್ಬಿ ಅನ್ನೋದು ಬ್ಯಾಡಗಿ ಮೆಣಸಿನಕಾಯಿಯ ಒಂದು ತಳಿ. ಆ ಕೋಲ್ಡ್ ಸ್ಟೋರೇಜ್ ಸಾಲು ನೋಡಿ ಗಾಬರಿ ಆಯಿತು. 20 ಚೀಲ ಇದ್ದದ್ದು 70 ಆಗಿದೆ, ಇಷ್ಟು ದೊಡ್ಡ ಬದಲಾವಣೆಗೆ ಮೀಟಿಂಗಿನಲ್ಲಿ ಒಬ್ಬರೂ ತಕರಾರು ಮಾಡಿಲ್ವಾ? ಅದೇ ಅನುಮಾನ. ಆಡಿಯೋ ಹಾಕಿ ಕೇಳಿದೆ. ಅವರು ಅಂದದ್ದು "ಇಪ್ಪತ್ತು", ಅಕ್ಷರಕ್ಕೆ ಇಳಿದಿದ್ದು "ಎಪ್ಪತ್ತು". ಕನ್ನಡದಲ್ಲಿ ಈ ಜೋಡಿ ತುಂಬಾ ಕಾಟ ಕೊಡುತ್ತದೆ, ಇಪ್ಪತ್ತೈದು ಎಪ್ಪತ್ತೈದು, ಎಪ್ಪತ್ತು ಎಂಬತ್ತು ಕೂಡ. ಅದಕ್ಕೇ ಅಂಕಿ ಬದಲಾಗಿದ್ದರೆ ಆ ನಿಮಿಷದ ಆಡಿಯೋ ಕೇಳದೆ ವರದಿಗೆ ಹಾಕುವುದೇ ಇಲ್ಲ. ಪೂರ್ತಿ ರೆಕಾರ್ಡಿಂಗ್ ಕೇಳಬೇಕಾಗಿಲ್ಲ, ಬದಲಾದ ಅಂಕಿ ಇರುವ ಕಡೆ ಮಾತ್ರ. ಬೇರೆ ಹಾಳೆಯಲ್ಲಿ ನಿಮಿಷ ಬರೆದಿಟ್ಟದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಇನ್ನೊಂದು ಉಳಿಯಿತು, ಇದರಲ್ಲಿ ಜಾಸ್ತಿ ಜನ ಎಡವುತ್ತಾರೆ. ಹೋದ ವಾರದ ಪಟ್ಟಿಯಲ್ಲಿ ಬ್ಯಾಂಕಿಗೆ ಅರ್ಜಿ ಕೊಡುವುದು ಅಂತ ಒಂದು ಸಾಲಿತ್ತು, ಗಡುವು ಫೆಬ್ರವರಿ 10. ಈ ವಾರ ಯಾರೂ ಬಾಯಿ ಬಿಡಲಿಲ್ಲ. `diff` ಇದನ್ನು ಬರೀ ಮೈನಸ್ ಹಾಕಿ ತೋರಿಸುತ್ತದೆ, ನೋಡಿದರೆ ಕ್ಯಾನ್ಸಲ್ ಆದ ಹಾಗೆ ಕಾಣುತ್ತದೆ. ಆದರೆ ಮಾತಾಡಲಿಲ್ಲ ಅಂದರೆ ಕೈಬಿಟ್ಟರು ಅಂತಲ್ಲ, ಮುಗಿಯಿತು ಅಂತಲೂ ಅಲ್ಲ. ಹಳೇ ಸಾಲನ್ನು ಹಾಗೇ ಎತ್ತಿ ಈ ವಾರದ ಪಟ್ಟಿಗೆ ಸೇರಿಸಿ. ಸೇರಿಸದಿದ್ದರೆ ಮುಂದಿನ ವಾರ ಯಾರಾದರೂ ಬ್ಯಾಂಕ್ ಅಂದ ಕೂಡಲೇ ಅದು ಹೊಸ ವಿಷಯ ಅಂತ ಬರುತ್ತದೆ, ಯಾಕಂದರೆ ನೀವು ನೋಡುತ್ತಿರುವುದು ಒಂದೇ ವಾರ ಹಿಂದಕ್ಕೆ. ವರದಿಯಲ್ಲಿ ಹಾಕಬೇಕಾ? ಗಡುವು ಮುಂದಿದ್ದರೆ ಬೇಡ. ದಾಟಿದ್ದರೆ ಹಾಕಿ, "ಮಾತಾಗಿಲ್ಲ" ಅಂತ ಮಾತ್ರ.

[ಸ್ಕ್ರೀನ್ ಮೇಲೆ: ಆವತ್ತು ಗ್ರೂಪಿಗೆ ಕಳಿಸಿದ ವರದಿ]

```
ಫೆಬ್ರವರಿ 11 (4ಕ್ಕೆ ಹೋಲಿಸಿ)
ಹೊಸ ತೀರ್ಮಾನ: ತೊಟ್ಟು ತೆಗೆದ ಕಾಯಿ 5 ಕ್ವಿಂಟಲ್ ಮಾತ್ರ. ಅಧ್ಯಕ್ಷರು, 20ರೊಳಗೆ.
ಬದಲು: ತಾಡಪತ್ರಿ ತರುವವರು ಗೋದಾಮು ಅಲ್ಲ, ಅಕೌಂಟ್.
ಬದಲು: ಕಾಟಾ ಮೆಕ್ಯಾನಿಕ್ 5ಕ್ಕೆ ಬರಬೇಕಿತ್ತು, ಈಗ 12.
ಗಡುವು ದಾಟಿದೆ, ಮಾತಾಗಿಲ್ಲ: ಬ್ಯಾಂಕ್ ಅರ್ಜಿ (10).
```

ಒಂದು ಗಂಟೆಯ ಮೀಟಿಂಗಿಗೆ ನಾಲ್ಕು ಸಾಲು. ತಾಡಪತ್ರಿಯ ಸಂಖ್ಯೆ ಇದರಲ್ಲಿ ಇಲ್ಲ ನೋಡಿ, 40 ಅಂತ ಬೇಕೆಂದೇ ಬರೆದಿಲ್ಲ, ಬರೆದಿದ್ದರೆ ಇನ್ನೊಂದು 40 ಬಂದು ಗೋದಾಮಿನಲ್ಲಿ ಕೂರುತ್ತಿತ್ತೇನೋ. ಗ್ರೂಪಿಗೆ ಕಳಿಸಿದ ಸ್ವಲ್ಪ ಹೊತ್ತಿಗೆ ಗೋದಾಮಿನ ಅಣ್ಣನಿಂದ ಒಂದು ಮೆಸೇಜ್ ಬಂತು: "ಚೀಲದ ಬಗ್ಗೆ ಏನೂ ಇಲ್ಲಲ್ರಿ, ಆರ್ಡರ್ ಕೊಡ್ಲೇನು ಬ್ಯಾಡೇನು?"